ಒಂದೇ ಲೇಖನಕ್ಕೆ ಮೂರು ನಮೂದು

2000ನೇ ಇಸವಿಯ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯ 403ನೇ ಸಂಪುಟದಲ್ಲಿ ನಾರ್ಮನ್ ಮೈಯರ್ಸ್ ಮತ್ತು ಅವರ ನಾಲ್ವರು ಸಂಗಡಿಗರ ಒಂದು ಲೇಖನ ಬಂತು. ಜಗತ್ತಿನಲ್ಲಿ ಮೊದಲು ಉಳಿಸಿಕೊಳ್ಳಬೇಕಾದ 25 ಜೀವವೈವಿಧ್ಯ ತಾಣಗಳನ್ನು ಅದು ಹೆಸರಿಸಿತು. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಸೇರಿ ಅವುಗಳಲ್ಲೊಂದು. ಪುಟ 853ರಿಂದ 858, ಒಟ್ಟು ಆರೇ ಪುಟ. ಘಟ್ಟದ ಕಾಡು, ಹೊಳೆ, ಕಪ್ಪೆ, ಮರಗಳ ಮೇಲೆ ಸಂಶೋಧನೆ ಮಾಡುವವರು ತಮ್ಮ ಮಹಾಪ್ರಬಂಧದ ಮೊದಲ ಅಧ್ಯಾಯದಲ್ಲೇ ಈ ಲೇಖನವನ್ನು ನೆನೆಯುವುದು ರೂಢಿ.

ಈಗ ಏಳೆಂಟು ಮಂದಿ ಇರುವ ಒಂದು ಲ್ಯಾಬನ್ನು ಊಹಿಸಿಕೊಳ್ಳಿ. ಎಲ್ಲರೂ ಸೇರಿ ಒಂದೇ ಆಕರ ಭಂಡಾರ ಇಟ್ಟುಕೊಂಡಿದ್ದಾರೆ. ಅದರಲ್ಲಿ ಮೈಯರ್ಸ್ ಲೇಖನ ಮೂರು ಸಲ ಕೂತಿದೆ. ಕಪ್ಪೆಗಳ ಮೇಲೆ ಕೆಲಸ ಮಾಡುವವಳು ಅದನ್ನು ‘ನೇಚರ್’ ಪುಟದಿಂದ ನೇರ ತಂದಳು. ಹೊಳೆಮೀನುಗಳನ್ನು ನೋಡುವ ಹುಡುಗ ಪಬ್‌ಮೆಡ್‌ನಿಂದ ತಂದ. ಹೊಸದಾಗಿ ಸೇರಿದ ಪ್ರಾಜೆಕ್ಟ್ ಸಹಾಯಕಿ ಗೂಗಲ್ ಸ್ಕಾಲರ್‌ನಿಂದ ತಂದಳು. ಮೂರೂ ಒಂದೇ ಲೇಖನ ಅನ್ನುವುದು ಮನುಷ್ಯರ ಕಣ್ಣಿಗೆ ಗೊತ್ತು. ತಂತ್ರಾಂಶಕ್ಕೆ ಅವು ಮೂರು ಬೇರೆ ಬೇರೆ ಕೃತಿಗಳು. ಕಪ್ಪೆಯವಳೂ ಮೀನಿನವನೂ ಸೇರಿ ಒಂದು ಲೇಖನ ಬರೆದಾಗ, ಕರಡಿನಲ್ಲಿ ಒಂದು ಕಡೆ ‘ಮೈಯರ್ಸ್ ಮತ್ತಿತರರು, 2000a’ ಎಂದೂ ಎರಡು ಪುಟ ದಾಟಿದ ಮೇಲೆ ‘2000b’ ಎಂದೂ ಬಂದಿರುತ್ತದೆ. ಕೊನೆಯ ಆಕರ ಪಟ್ಟಿಯಲ್ಲಿ ಅದೇ ಲೇಖನ ಎರಡು ಸಲ ಅಚ್ಚಾಗಿರುತ್ತದೆ.

ಆ a ಮತ್ತು b ಅಕ್ಷರಗಳನ್ನು ಕಂಡರೆ ಕೂಡಲೇ ನಿಲ್ಲಬೇಕು. ಒಬ್ಬ ಲೇಖಕ ಒಂದೇ ವರ್ಷದಲ್ಲಿ ಎರಡು ಲೇಖನ ಬರೆದಿದ್ದು, ಎರಡನ್ನೂ ನೀವು ಬಳಸಿದ್ದರೆ ಮಾತ್ರ ಅವು ಬರಬೇಕು. ಹಾಗಿಲ್ಲದೆ ಬಂದಿದ್ದರೆ ಹಂಚಿಕೊಂಡ ಲೈಬ್ರರಿಯಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ.

ನಾನಿಲ್ಲಿ ಮಾತಾಡುತ್ತಿರುವುದು ಜೊಟೆರೊ ಎಂಬ ತಂತ್ರಾಂಶದ ಬಗ್ಗೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2006ರಲ್ಲಿ ಹೊರಬಂದ ಇದು ಉಚಿತ. ಮೂಲ ಸಂಕೇತವೂ ಎಲ್ಲರಿಗೂ ತೆರೆದಿದೆ. ಓದಿದ ಲೇಖನದ ಶೀರ್ಷಿಕೆ, ಲೇಖಕರು, ಪತ್ರಿಕೆ, ವರ್ಷ, ಪುಟಗಳನ್ನು ಒಂದು ನಮೂದಾಗಿ ಇಟ್ಟುಕೊಳ್ಳುತ್ತದೆ, ಜೊತೆಗೆ ಪಿಡಿಎಫ್ ಕೂಡ. ವರ್ಡ್‌ನಲ್ಲಿ ಬರೆಯುವಾಗ ಬೇಕಾದ ಜಾಗದಲ್ಲಿ ಉಲ್ಲೇಖ ಹಾಕಿ, ಕೊನೆಗೆ ಆಕರ ಪಟ್ಟಿಯನ್ನು ತಾನೇ ಜೋಡಿಸಿಕೊಡುತ್ತದೆ. ಪ್ರತಿಯೊಬ್ಬರಿಗೂ ತಮ್ಮದೇ ಲೈಬ್ರರಿ ಇರುತ್ತದೆ, ತೆರೆಯ ಮೇಲೆ ಅದರ ಹೆಸರು My Library. ಇದಲ್ಲದೆ ಗುಂಪಿನ ಲೈಬ್ರರಿಯನ್ನೂ ತೆರೆಯಬಹುದು. ಅಲ್ಲಿ ಒಬ್ಬರು ಹಾಕಿದ್ದು ಎಲ್ಲರಿಗೂ ಕಾಣುತ್ತದೆ, ಒಬ್ಬರು ತಿದ್ದಿದ್ದು ಎಲ್ಲರಿಗೂ ತಿದ್ದಿದಂತೆ.

ಕೆಲವು ಲ್ಯಾಬ್‌ಗಳು ಗುಂಪು ಮಾಡುವ ಬದಲು ಒಂದೇ ಖಾತೆ ತೆರೆದು ಪಾಸ್‌ವರ್ಡನ್ನು ಎಲ್ಲರಿಗೂ ಹಂಚಿಬಿಡುತ್ತವೆ. ಇನ್ನು ಕೆಲವರು ಜೊಟೆರೊದ ಕಡತಕೋಶವನ್ನೇ ಡ್ರಾಪ್‌ಬಾಕ್ಸ್‌ನಲ್ಲಿ ಇಡುತ್ತಾರೆ. ಎರಡನ್ನೂ ಮಾಡಬಾರದು. ಮೊದಲನೆಯದರಲ್ಲಿ ಯಾವ ನಮೂದನ್ನು ಯಾರು ಸೇರಿಸಿದರು ಎಂಬ ಗುರುತೇ ಉಳಿಯುವುದಿಲ್ಲ. ಎರಡನೆಯದು ಇನ್ನೂ ಅಪಾಯ. ಲೈಬ್ರರಿಯ ಎಲ್ಲ ಮಾಹಿತಿ ಇರುವುದು `zotero.sqlite` ಎಂಬ ಒಂದೇ ಕಡತದಲ್ಲಿ. ಎರಡು ಕಂಪ್ಯೂಟರ್‌ಗಳಿಂದ ಅದು ಒಟ್ಟಿಗೆ ಬರೆಸಿಕೊಂಡರೆ ಇಡೀ ಕಡತವೇ ಕೆಡಬಹುದು.

ಮೈಯರ್ಸ್ ಲೇಖನಕ್ಕೆ ಮರಳೋಣ. ಮೂರು ನಮೂದು ಬರಲು ಯಾರ ಸೋಮಾರಿತನವೂ ಕಾರಣವಲ್ಲ. ನನ್ನ ಲೈಬ್ರರಿಯಿಂದ ಗುಂಪಿನ ಲೈಬ್ರರಿಗೆ ಒಂದು ನಮೂದನ್ನು ಎಳೆದು ಬಿಟ್ಟರೆ ಅಲ್ಲಿ ಹೊಸ ಪ್ರತಿಯೊಂದು ಹುಟ್ಟುತ್ತದೆ. ನನ್ನ ಕಡೆಯದಕ್ಕೂ ಗುಂಪಿನದಕ್ಕೂ ಆಮೇಲೆ ಹೊಂದಾಣಿಕೆ ಇರುವುದಿಲ್ಲ. ಇಲ್ಲಿ ವರ್ಷ ತಿದ್ದಿದರೆ ಅಲ್ಲಿ ತಿದ್ದುಪಡಿ ಆಗದು. ಅದೇ ನಮೂದನ್ನು ನಾನೇ ಮತ್ತೊಮ್ಮೆ ಎಳೆದರೆ, ಇದು ಈಗಾಗಲೇ ಅಲ್ಲಿದೆ ಎಂದು ಜೊಟೆರೊ ಗುರುತಿಸಿ ಎರಡನೇ ಪ್ರತಿ ಮಾಡುವುದಿಲ್ಲ. ಆದರೆ ಬೇರೆಯವರು ತಮ್ಮ ಲೈಬ್ರರಿಯಲ್ಲಿದ್ದ ಮೈಯರ್ಸ್ ನಮೂದನ್ನು ಎಳೆದರೆ ಆ ಗುರುತು ಸಿಗುವುದಿಲ್ಲ. ಹಾಗಾಗಿ ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಸೇರಿಸುತ್ತಾ ಹೋಗುತ್ತಾರೆ, ಪ್ರತಿಗಳು ಬೆಳೆಯುತ್ತಾ ಹೋಗುತ್ತವೆ.

ಸೇರಿಸುವ ಮುನ್ನ ಗುಂಪಿನ ಲೈಬ್ರರಿಯಲ್ಲಿ ಲೇಖಕರ ಹೆಸರೋ ಶೀರ್ಷಿಕೆಯ ಎರಡು ಪದಗಳೋ ಹಾಕಿ ಹುಡುಕುವುದು ಮೊದಲ ಅಭ್ಯಾಸ. ಅದಕ್ಕೆ ಐದು ಸೆಕೆಂಡು ಸಾಕು. ಬ್ರೌಸರ್‌ನ ಗುಂಡಿ ಒತ್ತಿ ಲೇಖನ ಉಳಿಸುವಾಗ ಅದು ಎಲ್ಲಿಗೆ ಹೋಗುತ್ತಿದೆ ಎಂದು ನೋಡುವುದು ಇನ್ನೊಂದು. ಜೊಟೆರೊದಲ್ಲಿ ಆ ಹೊತ್ತಿಗೆ ಯಾವ ಲೈಬ್ರರಿ ತೆರೆದಿದೆಯೋ ಅಲ್ಲಿಗೇ ನಮೂದು ಬೀಳುತ್ತದೆ. ಗುಂಪನ್ನು ತೆರೆದಿಟ್ಟು ಮರೆತವರು ತಮ್ಮ ಸಂಜೆಯ ಓದನ್ನೆಲ್ಲ ಲ್ಯಾಬಿನ ತಲೆಗೆ ಸುರಿದಿರುತ್ತಾರೆ. ಗುಂಡಿ ಒತ್ತಿದಾಗ ಮೂಲೆಯಲ್ಲಿ ಮೂಡುವ ಚಿಕ್ಕ ಕಿಟಕಿಯಲ್ಲೇ ಜಾಗ ಬದಲಿಸಬಹುದು.

ಇಷ್ಟಾದರೂ ಒಂದಷ್ಟು ನಮೂದುಗಳು ಎರಡಾಗುತ್ತವೆ. ಆಗ ಏನು ಮಾಡುತ್ತೇವೆ ಎನ್ನುವುದೇ ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಹೆಚ್ಚುವರಿ ಕಂಡದ್ದನ್ನು ಅಳಿಸಬಾರದು, ವಿಲೀನ ಮಾಡಬೇಕು. ವರ್ಡ್ ಕಡತದಲ್ಲಿ ನಾವು ಹಾಕಿದ ಪ್ರತಿ ಉಲ್ಲೇಖವೂ ಒಂದು ನಿರ್ದಿಷ್ಟ ಲೈಬ್ರರಿಯ ನಿರ್ದಿಷ್ಟ ನಮೂದಿಗೆ ಅಂಟಿಕೊಂಡಿರುತ್ತದೆ. ನಿಮ್ಮ ಕಣ್ಣಿಗೆ ಹೆಚ್ಚುವರಿ ಅನ್ನಿಸಿದ ಎರಡನೇ ಮೈಯರ್ಸ್ ಮೇಲೆ ಯಾರದೋ ಮೂರನೇ ಅಧ್ಯಾಯ ನಿಂತಿರಬಹುದು. ಅದನ್ನು ಅಳಿಸಿದರೆ ಆ ಅಧ್ಯಾಯದಲ್ಲಿನ ಉಲ್ಲೇಖ ಮಾಯವಾಗುವುದಿಲ್ಲ, ಹಳೆಯ ವಿವರಗಳನ್ನು ಹಾಗೆಯೇ ತೋರಿಸುತ್ತಾ ಇರುತ್ತದೆ. ಆದರೆ ಲೈಬ್ರರಿಯಲ್ಲಿ ಮುಂದೆ ಮಾಡುವ ಯಾವ ತಿದ್ದುಪಡಿಯೂ ಅಲ್ಲಿಗೆ ತಲುಪುವುದಿಲ್ಲ. ಹೊರಗೆ ಏನೂ ಕಾಣದೆ ಒಳಗೆ ಬೇರು ಕಡಿದುಹೋಗಿರುತ್ತದೆ. ಬರೆದವಳಿಗೆ ಅದು ಗೊತ್ತಾಗುವುದು ಬಹುಶಃ ಪ್ರಬಂಧ ಸಲ್ಲಿಸುವ ವಾರದಲ್ಲಿ.

ವಿಲೀನ ಮಾಡುವುದು ಸುಲಭ. ಗುಂಪಿನ ಹೆಸರಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ Show Duplicates ಆರಿಸಿದರೆ, ಶೀರ್ಷಿಕೆ, ಡಿಒಐ ಇತ್ಯಾದಿ ಹೊಂದುವ ನಮೂದುಗಳನ್ನು ಜೊಟೆರೊ ತಾನೇ ಪಟ್ಟಿ ಮಾಡುತ್ತದೆ. ಪಟ್ಟಿಗೆ ಬಾರದವನ್ನು ನಾವೇ ಆರಿಸಿ Merge Items… ಕೊಡಬಹುದು. ನಮೂದಿನ ಬಗೆ ಮಾತ್ರ ಒಂದೇ ಇರಬೇಕು, ಒಂದು ಲೇಖನ ಇನ್ನೊಂದು ಪುಸ್ತಕ ಎಂದಿದ್ದರೆ ಮೊದಲು ಅದನ್ನು ಸರಿಮಾಡಬೇಕು. ಯಾವ ಕ್ಷೇತ್ರದಲ್ಲಿ ಎರಡಕ್ಕೂ ವ್ಯತ್ಯಾಸ ಇದೆಯೋ ಅಲ್ಲಿ ಯಾವುದನ್ನು ಉಳಿಸಲಿ ಎಂದು ಅದು ಕೇಳುತ್ತದೆ. ನಮ್ಮ ಲೇಖನದ ವಿಷಯದಲ್ಲಿ ‘ನೇಚರ್’ ಪುಟದಿಂದ ಬಂದ ನಮೂದೇ ಗಟ್ಟಿ, ಏಕೆಂದರೆ ಅದರಲ್ಲಿ ಡಿಒಐ ಇದೆ: `10.1038/35002501`. ಸ್ಕಾಲರ್‌ನಿಂದ ಬಂದದ್ದರಲ್ಲಿ ಅದು ಇರುವುದಿಲ್ಲ. ವಿಲೀನವಾದ ಮೇಲೆ ಮೂರರ ಟಿಪ್ಪಣಿಗಳೂ ಪಿಡಿಎಫ್‌ಗಳೂ ಒಂದರಡಿ ಸೇರುತ್ತವೆ. ಹಳೆಯ ನಮೂದಿಗೆ ಅಂಟಿದ್ದ ವರ್ಡ್ ಉಲ್ಲೇಖಗಳು ಹೊಸದನ್ನು ಹುಡುಕಿಕೊಂಡು ಬರುತ್ತವೆ, ಮುಂದಿನ ಸಲ ಕಡತವನ್ನು ರಿಫ್ರೆಶ್ ಮಾಡಿದಾಗ a, b ಎರಡೂ ಹೋಗಿರುತ್ತವೆ.

ಆದರೂ ಹೋಗದಿದ್ದರೆ ತಪ್ಪು ಬೇರೆ ಕಡೆ ಇದೆ. ಇಬ್ಬರಲ್ಲಿ ಒಬ್ಬರು ಗುಂಪಿನ ಲೈಬ್ರರಿಯಿಂದಲೂ ಇನ್ನೊಬ್ಬರು ತಮ್ಮ My Libraryಯಿಂದಲೂ ಉಲ್ಲೇಖ ಹಾಕಿದ್ದಾರೆ. ವರ್ಡ್‌ನಲ್ಲಿ ಉಲ್ಲೇಖ ಹುಡುಕುವಾಗ ಫಲಿತಾಂಶಗಳು ಲೈಬ್ರರಿವಾರು ಬೇರೆ ಬೇರೆ ತಲೆಬರಹದಡಿ ಬರುತ್ತವೆ. ಜೊತೆಯಾಗಿ ಬರೆಯುವ ಕಡತದಲ್ಲಿ ಗುಂಪಿನ ಹೆಸರಿನ ಕೆಳಗಿರುವುದನ್ನೇ ಆರಿಸುವುದು ಎಲ್ಲರೂ ಪಾಲಿಸಬೇಕಾದ ನಿಯಮ. ಸ್ವಂತ ಲೈಬ್ರರಿಯಿಂದ ಹಾಕಿದ ಉಲ್ಲೇಖದ ಮೂಲ ನಮೂದನ್ನು ಸಹಲೇಖಕರು ಮುಟ್ಟಲಾರರು.

ಇನ್ನು ತಿದ್ದುಪಡಿಗಳ ಕಥೆ. ಇಬ್ಬರು ಒಂದೇ ನಮೂದನ್ನು ತಿದ್ದಿದಾಗ ಆಗುವ ಘರ್ಷಣೆ ಎಂದರೆ ಎಲ್ಲರೂ ಮೊದಲು ನೆನೆಯುವುದು ಸಿಂಕ್ ಮಾಡುವಾಗ ಎದ್ದು ಬರುವ ಎಚ್ಚರಿಕೆಯ ಕಿಟಕಿಯನ್ನು. ನಿಜಕ್ಕೂ ಅದು ಅಪರೂಪ. ಇಂಟರ್ನೆಟ್ ಇದ್ದರೆ ನನ್ನ ತಿದ್ದುಪಡಿ ಕೆಲವೇ ಕ್ಷಣದಲ್ಲಿ ಎಲ್ಲರ ಯಂತ್ರಕ್ಕೂ ಹೋಗಿರುತ್ತದೆ. ಹೆಚ್ಚು ಹಾನಿ ಮಾಡುವುದು ಯಾವ ಕಿಟಕಿಯೂ ಏಳದೆ, ಯಾರಿಗೂ ಗೊತ್ತಾಗದೆ ನಡೆಯುವ ಜಗ್ಗಾಟ. ಒಬ್ಬರು ಸೋಮವಾರ ತಮಗೆ ಬೇಕಾದಂತೆ ತಿದ್ದುತ್ತಾರೆ, ಇನ್ನೊಬ್ಬರು ಗುರುವಾರ ತಮಗೆ ಬೇಕಾದಂತೆ ತಿದ್ದುತ್ತಾರೆ. ಕೊನೆಗೆ ತಿದ್ದಿದವರದು ಉಳಿಯುತ್ತದೆ. ಒಂದು ನಮೂದಿನಲ್ಲಿ ಮೊದಲು ಏನಿತ್ತು, ಆಮೇಲೆ ಏನಾಯಿತು ಎಂಬ ಚರಿತ್ರೆಯನ್ನು ಜೊಟೆರೊ ನಮಗೆ ತೋರಿಸುವುದಿಲ್ಲ.

ಮೀನಿನ ಹುಡುಗ ತನ್ನ ಲೇಖನವನ್ನು ಒಂದು ಪತ್ರಿಕೆಗೆ ಕಳಿಸುತ್ತಿದ್ದಾನೆ ಅನ್ನಿ. ಆಕರ ಪಟ್ಟಿಯಲ್ಲಿ ಪತ್ರಿಕೆಗಳ ಹೆಸರನ್ನು ಮೊಟಕು ಮಾಡಿ ಬರೆಯಬೇಕು ಎಂಬುದು ಆ ಪತ್ರಿಕೆಯ ನಿಯಮ. ಅವನು ಗುಂಪಿನ ಲೈಬ್ರರಿಗೆ ಹೋಗಿ ‘ಕರೆಂಟ್ ಸೈನ್ಸ್’ ಎಂದಿದ್ದಲ್ಲೆಲ್ಲ `Curr. Sci.` ಎಂದು ಮಾಡುತ್ತಾನೆ. ಅವನ ಪಟ್ಟಿ ಸರಿಹೋಗುತ್ತದೆ. ಅದೇ ಸಂಜೆ ಕಪ್ಪೆಯವಳ ಮಹಾಪ್ರಬಂಧದಲ್ಲಿ, ಪೂರ್ಣ ಹೆಸರು ಇರಬೇಕಾದ ಕಡೆಯೆಲ್ಲ ಮೊಟಕು ಹೆಸರು ಬಂದು ಕೂರುತ್ತದೆ. ಅವಳು ಏನೋ ತಪ್ಪಾಗಿದೆ ಎಂದುಕೊಂಡು ಮತ್ತೆ ಪೂರ್ಣ ಹೆಸರು ಹಾಕುತ್ತಾಳೆ. ಇಬ್ಬರೂ ಶ್ರದ್ಧೆಯಿಂದಲೇ ಕೆಲಸ ಮಾಡಿದ್ದಾರೆ, ಇಬ್ಬರ ಸಮಯವೂ ಹಾಳಾಗಿದೆ.

ಈ ಜಗಳಕ್ಕೆ ಪರಿಹಾರ ತಂತ್ರಾಂಶದಲ್ಲೇ ಇದೆ. ಪತ್ರಿಕೆಯ ಪೂರ್ಣ ಹೆಸರಿಗೆ Publication ಎಂಬ ಕ್ಷೇತ್ರ, ಮೊಟಕು ಹೆಸರಿಗೆ Journal Abbr ಎಂಬ ಬೇರೆಯದೇ ಕ್ಷೇತ್ರ. ಯಾವುದನ್ನು ಅಚ್ಚು ಮಾಡಬೇಕೆಂದು ಆರಿಸುವುದು ಉಲ್ಲೇಖ ಶೈಲಿಯ ಕೆಲಸ. ಹಾಗೆಯೇ ಶೀರ್ಷಿಕೆಯ ದೊಡ್ಡಕ್ಷರಗಳ ಗಲಾಟೆ. ಇಂಗ್ಲಿಷ್ ಶೀರ್ಷಿಕೆಯಲ್ಲಿ ಪ್ರತಿ ಪದವೂ ದೊಡ್ಡಕ್ಷರದಿಂದ ಶುರುವಾಗಬೇಕೆಂದು ಕೆಲವು ಶೈಲಿಗಳು ಕೇಳುತ್ತವೆ, ಮೊದಲ ಪದ ಮಾತ್ರ ಸಾಕೆಂದು ಇನ್ನು ಕೆಲವು. ಲೈಬ್ರರಿಯಲ್ಲಿ ಮೊದಲ ಪದಕ್ಕೆ ಮತ್ತು ಅಂಕಿತನಾಮಗಳಿಗೆ ಮಾತ್ರ ದೊಡ್ಡಕ್ಷರ ಇಟ್ಟುಕೊಂಡರೆ, ಬೇಕೆಂದಾಗ ಪ್ರತಿ ಪದಕ್ಕೂ ದೊಡ್ಡಕ್ಷರ ಹಾಕಿಕೊಳ್ಳುವುದು ಶೈಲಿಗೆ ಬರುತ್ತದೆ. ತಿರುಗಿ ಹೋಗಲು ಅದಕ್ಕೆ ಆಗದು, ಏಕೆಂದರೆ ಯಾವುದು ಅಂಕಿತನಾಮ ಎಂದು ಯಂತ್ರಕ್ಕೆ ತಿಳಿಯದು. ಆದ್ದರಿಂದ ಲ್ಯಾಬಿನಲ್ಲಿ ಚರ್ಚೆಗೆ ಅವಕಾಶವಿಲ್ಲದಂತೆ ಇದೊಂದನ್ನು ನಿಶ್ಚಯ ಮಾಡಿಬಿಡುವುದು ಒಳ್ಳೆಯದು. ಶೀರ್ಷಿಕೆಯ ಮೇಲೆ ಬಲಗುಂಡಿ ಒತ್ತಿದರೆ Transform Text ಅಡಿಯಲ್ಲಿ Sentence case ಎಂಬ ಆಯ್ಕೆ ಇದೆ. ಅದು ‘ವೆಸ್ಟರ್ನ್ ಘಾಟ್ಸ್’ ಎಂಬುದನ್ನೂ ಚಿಕ್ಕಕ್ಷರಕ್ಕೆ ಇಳಿಸಬಹುದು, ಕೈಯಾರೆ ಸರಿಮಾಡಬೇಕು. ಪ್ರಾಣಿ, ಸಸ್ಯಗಳ ವೈಜ್ಞಾನಿಕ ಹೆಸರು ಓರೆಯಾಗಿ ಬರಬೇಕಾದರೆ ಶೀರ್ಷಿಕೆಯೊಳಗೇ ಹೀಗೆ ಬರೆಯಬಹುದು:

```
<i>Oryza sativa</i>
```

ಇದು ಏನೋ ಕಸ ಎಂದು ಯಾರೂ ಅಳಿಸದಂತೆ ಹೊಸಬರಿಗೆ ಹೇಳಿಡಬೇಕು.

ನನ್ನ ಕಣ್ಣಿಗೆ ಹೆಚ್ಚು ಬೀಳುವ ಜಗ್ಗಾಟ ಸರ್ಕಾರಿ ವರದಿಗಳದ್ದು. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿ 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಕೊಟ್ಟ ವರದಿಯನ್ನೇ ತೆಗೆದುಕೊಳ್ಳಿ. ಎಲ್ಲರೂ ಅದನ್ನು ಗಾಡ್ಗೀಳ್ ವರದಿ ಎನ್ನುತ್ತಾರೆ. ಒಬ್ಬರು ಲೇಖಕರ ಜಾಗದಲ್ಲಿ ಗಾಡ್ಗೀಳ್ ಹೆಸರು ಹಾಕುತ್ತಾರೆ, ಇನ್ನೊಬ್ಬರು ಅದನ್ನು ತೆಗೆದು ಸಮಿತಿಯ ಹೆಸರು ಹಾಕುತ್ತಾರೆ. ಸಮಿತಿಯ ಹೆಸರು ಹಾಕಿದವರು ಅದನ್ನು ಕುಲನಾಮ, ಮೊದಲ ಹೆಸರು ಎಂಬ ಎರಡು ಖಾನೆಗಳಲ್ಲಿ ಒಡೆದು ಹಾಕಿದ್ದರೆ ಅಚ್ಚಿನಲ್ಲಿ ಬರುವುದು `Panel, W. G. E. E.` ಎಂಬ ಹೆಸರಿನ ವ್ಯಕ್ತಿ! ಇಂಥ ಆಕರ ಪಟ್ಟಿ ಓದಿದ ಪರೀಕ್ಷಕರಿಗೆ ವಿದ್ಯಾರ್ಥಿ ವರದಿಯನ್ನು ತೆರೆದೇ ನೋಡಿಲ್ಲ ಅನ್ನಿಸಿದರೆ ತಪ್ಪಲ್ಲ. ಹೆಸರಿನ ಪಕ್ಕದಲ್ಲಿ ಎರಡು ಖಾನೆಯನ್ನು ಒಂದು ಮಾಡುವ ಸಣ್ಣ ಗುಂಡಿ ಇದೆ. ಸಂಸ್ಥೆ, ಸಮಿತಿ, ಸಚಿವಾಲಯ ಏನೇ ಇದ್ದರೂ ಅದನ್ನು ಒತ್ತಿ ಒಂದೇ ಖಾನೆಯಲ್ಲಿ ಪೂರ್ತಿ ಹೆಸರು ಬರೆಯಬೇಕು.

ಲೇಖಕರು ಯಾರು ಎಂಬ ಪ್ರಶ್ನೆಗೆ ಉತ್ತರ ಕೃತಿಯ ಮುಖಪುಟದಲ್ಲಿ ಇರುತ್ತದೆ, ನಮ್ಮ ರೂಢಿಯ ಮಾತಿನಲ್ಲಿ ಅಲ್ಲ. ಕೃತಿಯ ಮೇಲೆ ಅಚ್ಚಾದದ್ದೇ ನಮೂದಿನಲ್ಲಿರಬೇಕು ಎಂಬ ಒಂದು ಮಾತಿಗೆ ಲ್ಯಾಬ್ ಬದ್ಧವಾದರೆ ಮುಕ್ಕಾಲು ಜಗ್ಗಾಟ ನಿಲ್ಲುತ್ತದೆ. ರಾಜಧಾನಿಯ ಹೆಸರು ಇಂಗ್ಲಿಷಿನಲ್ಲೂ ಅಧಿಕೃತವಾಗಿ ‘ಬೆಂಗಳೂರು’ ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಪುಸ್ತಕದ ಪ್ರಕಟಣೆಯ ಸ್ಥಳ `Bangalore` ಎಂದಿದ್ದರೆ ಹಾಗೆಯೇ ಬಿಡಬೇಕು. ಅಭಿಮಾನದಿಂದ ತಿದ್ದುವುದು ಅರ್ಥವಾಗುವ ಮಾತೇ, ಆದರೆ ಆ ಪುಸ್ತಕವನ್ನು ಹುಡುಕಿಕೊಂಡು ಹೋಗುವ ಓದುಗನಿಗೆ ಮುಖಪುಟದ ಮೇಲಿನ ಅಕ್ಷರವೇ ಬೇಕು. ನಮ್ಮ ಕಡೆಯ ಲೇಖಕರ ಇನಿಷಿಯಲ್‌ಗಳೂ ಹೀಗೆಯೇ. ಒಂದು ನಮೂದಿನಲ್ಲಿ ಪೂರ್ತಿ ಹೆಸರು, ಇನ್ನೊಂದರಲ್ಲಿ ಇನಿಷಿಯಲ್ ಇದ್ದರೆ, ಕೆಲವು ಶೈಲಿಗಳು ಇವರು ಇಬ್ಬರು ಬೇರೆ ವ್ಯಕ್ತಿಗಳೆಂದು ತಿಳಿದು, ಬರಹದ ನಡುವಿನ ಉಲ್ಲೇಖದಲ್ಲಿ ಕುಲನಾಮದ ಹಿಂದೆ ಇನಿಷಿಯಲ್ ಸೇರಿಸುತ್ತವೆ. ಒಬ್ಬರೇ ಲೇಖಕರ ಹೆಸರಿಗೆ ಇದ್ದಕ್ಕಿದ್ದಂತೆ ಇನಿಷಿಯಲ್ ಹುಟ್ಟಿಕೊಂಡರೆ ಅದನ್ನೂ ಮೇಲಿನ a, b ಯಂತೆ ಓದಬೇಕು. ಇಲ್ಲಿ ಮಾತ್ರ ಅಚ್ಚಿನ ನಿಯಮವನ್ನು ಸ್ವಲ್ಪ ಸಡಿಲಿಸಿ, ಒಬ್ಬ ಲೇಖಕರಿಗೆ ಲೈಬ್ರರಿಯಲ್ಲೆಲ್ಲ ಒಂದೇ ರೂಪ ಇಡುವುದು ವಿವೇಕ.

ಅಪರೂಪವೆಂದ ಆ ಎಚ್ಚರಿಕೆಯ ಕಿಟಕಿ ನಿಜವಾಗಿ ಏಳುವುದು ಫೀಲ್ಡ್ ಕೆಲಸದ ಕಾಲದಲ್ಲಿ. ಕುದುರೆಮುಖದ ಕಡೆ ಸಿಗ್ನಲ್ ಇಲ್ಲದ ಜಾಗದಲ್ಲಿ ಎರಡು ವಾರ ಇದ್ದವಳು ಮಳೆಯ ಸಂಜೆಗಳಲ್ಲಿ ಲ್ಯಾಪ್‌ಟಾಪ್ ತೆರೆದು ನಮೂದುಗಳನ್ನು ತಿದ್ದಿರುತ್ತಾಳೆ. ಅತ್ತ ಲ್ಯಾಬಿನಲ್ಲೂ ಯಾರೋ ಅವನ್ನೇ ತಿದ್ದಿರುತ್ತಾರೆ. ಅವಳು ಪುಟಸಂಖ್ಯೆ ತಿದ್ದಿ ಇವರು ವರ್ಷ ತಿದ್ದಿದ್ದರೆ ಜೊಟೆರೊ ಯಾರನ್ನೂ ಕೇಳದೆ ಎರಡನ್ನೂ ಸೇರಿಸಿಕೊಳ್ಳುತ್ತದೆ. ಇಬ್ಬರೂ ಹಾಕಿದ ಟ್ಯಾಗ್‌ಗಳೂ ಹಾಗೆಯೇ ಕೂಡಿಕೊಳ್ಳುತ್ತವೆ. ಒಂದೇ ಕ್ಷೇತ್ರವನ್ನು ಇಬ್ಬರೂ ಬೇರೆ ಬೇರೆ ರೀತಿ ತಿದ್ದಿದ್ದರೆ ಮಾತ್ರ ಕಿಟಕಿ ಏಳುತ್ತದೆ. ಒಂದು ಕಡೆ ಅವಳ ಯಂತ್ರದ ನಮೂದು, ಇನ್ನೊಂದು ಕಡೆ ಸರ್ವರ್‌ನದು. ಉಳಿದೆಲ್ಲ ಘರ್ಷಣೆಗಳಿಗೂ ಇದೇ ಕಡೆಯದನ್ನು ಬಳಸು ಎಂಬ ಚೌಕವೂ ಅಲ್ಲೇ ಇರುತ್ತದೆ. ದಣಿದು ಬಂದವರ ಬೆರಳು ಮೊದಲು ಹೋಗುವುದೇ ಅದರ ಮೇಲೆ. ಅದನ್ನು ಒತ್ತಿದರೆ ಒಂದು ಕಡೆಯವರ ಕೆಲಸವನ್ನು ನೋಡದೆಯೇ ಎಸೆದಂತೆ. ಒಂದೊಂದಾಗಿ ನೋಡಿ, ಗೊಂದಲವಾದರೆ ಲೇಖನದ ಪಿಡಿಎಫ್‌ನ ಮೊದಲ ಪುಟ ತೆರೆದು ತೀರ್ಮಾನಿಸಬೇಕು. ಹೊರಡುವ ಮುನ್ನ ಒಮ್ಮೆ ಸಿಂಕ್, ಸಿಗ್ನಲ್ ಇರುವ ಊರು ತಲುಪಿದ ಕೂಡಲೇ ಇನ್ನೊಮ್ಮೆ ಸಿಂಕ್ ಮಾಡಿದರೆ ಎರಡು ವಾರದ ಅಂತರವೂ ಕಿರಿದಾಗುತ್ತದೆ. ಇನ್ನೂ ಒಳ್ಳೆಯದೆಂದರೆ ಫೀಲ್ಡ್‌ನಲ್ಲಿದ್ದಾಗ ಓದುವುದು, ಗುರುತು ಹಾಕುವುದು ಮಾತ್ರ ಮಾಡಿ, ನಮೂದು ತಿದ್ದುವ ಕೆಲಸವನ್ನು ಲ್ಯಾಬಿಗೆ ಬಿಡುವುದು.

ಗುರುತು ಹಾಕುವುದಕ್ಕೆ ಈಗ ಭಯವಿಲ್ಲ. 2022ರಲ್ಲಿ ಬಂದ ಆರನೇ ಆವೃತ್ತಿಯಿಂದ ಜೊಟೆರೊದೊಳಗೇ ಪಿಡಿಎಫ್ ಓದಬಹುದು. ಗುಂಪಿನಲ್ಲಿ ಯಾರು ಯಾವ ಸಾಲಿಗೆ ಬಣ್ಣ ಹಚ್ಚಿದರು ಎಂಬುದು ಅವರ ಹೆಸರಿನೊಡನೆ ಉಳಿಯುತ್ತದೆ. ಬದಲಾಗಿ ಹೊರಗಿನ ಪಿಡಿಎಫ್ ತಂತ್ರಾಂಶದಲ್ಲಿ ತೆರೆದು ಗುರುತು ಹಾಕಿದರೆ ಕಡತವೇ ಬದಲಾಗುತ್ತದೆ. ಇಬ್ಬರು ಹಾಗೆ ಮಾಡಿದರೆ ಒಬ್ಬರ ಕಡತ ಉಳಿದು ಇನ್ನೊಬ್ಬರದು ಹೋಗುತ್ತದೆ. ಟಿಪ್ಪಣಿಯನ್ನೂ ಒಂದು ಲೇಖನಕ್ಕೆ ಎಲ್ಲರಿಗೂ ಒಂದೇ ಎಂದು ಇಡದೆ, ತಲಾ ಒಂದೊಂದು ಮಾಡಿ ಮೊದಲ ಸಾಲಿನಲ್ಲಿ ಬರೆದವರ ಹೆಸರು ಹಾಕುವುದು ಕ್ಷೇಮ.

ಟ್ಯಾಗ್‌ಗಳ ವಿಷಯಕ್ಕೆ ಬಂದರೆ, ಕಸದ ಬಹುಪಾಲು ನಾವು ಹಾಕಿದ್ದೇ ಅಲ್ಲ. ಮೀನಿನ ಹುಡುಗ ಪಬ್‌ಮೆಡ್‌ನಿಂದ ಮೈಯರ್ಸ್ ಲೇಖನ ತಂದನಲ್ಲ, ಅದರ ಜೊತೆಗೆ ಆ ಭಂಡಾರದ ವಿಷಯಶೀರ್ಷಿಕೆಗಳೂ ಟ್ಯಾಗ್‌ಗಳಾಗಿ ಹಿಂಬಾಲಿಸಿ ಬಂದವು. `Animals`, `Humans`, `Ecosystem` ಇಂಥವು. ಪ್ರಾಣಿಗಳ ಮೇಲೆ ಕೆಲಸ ಮಾಡುವ ಲ್ಯಾಬಿನಲ್ಲಿ `Animals` ಎಂಬ ಟ್ಯಾಗ್‌ನಿಂದ ಯಾರಿಗೆ ಏನು ಸಿಕ್ಕೀತು? ಒಂದು ಲೇಖನಕ್ಕೆ ಹತ್ತರಂತೆ ಬಂದರೂ ನಾನೂರು ಲೇಖನಗಳ ಲೈಬ್ರರಿಯಲ್ಲಿ ನಾಲ್ಕು ಸಾವಿರ ಚೀಟಿಗಳು ಅಂಟಿರುತ್ತವೆ. ಅವುಗಳ ನಡುವೆ ಲ್ಯಾಬಿನವರು ಯೋಚಿಸಿ ಹಾಕಿದ ಮೂವತ್ತು ಟ್ಯಾಗ್‌ಗಳು ಕಾಣದೆ ಹೋಗುತ್ತವೆ. ಕಾಣದಿದ್ದಾಗ ಜನ ಹೊಸದಾಗಿ ಇನ್ನೊಂದು ಹಾಕುತ್ತಾರೆ.

ಇದನ್ನು ಬಾಗಿಲಲ್ಲೇ ತಡೆಯಬಹುದು. ಸೆಟ್ಟಿಂಗ್ಸ್‌ನ General ವಿಭಾಗದಲ್ಲಿ Automatically tag items with keywords and subject headings ಎಂಬುದರ ಮುಂದಿನ ಗುರುತು ತೆಗೆಯಬೇಕು. ಅದೇ ಪುಟದಲ್ಲಿ ಒಂದು ಲೈಬ್ರರಿಯಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಏನೇನು ಹೋಗಬೇಕು ಎಂಬ ಪಟ್ಟಿ ಇದೆ. ಅಲ್ಲಿ ಟ್ಯಾಗ್‌ಗಳನ್ನು ಬಿಟ್ಟರೆ, ನನ್ನ ಸ್ವಂತ ‘ಆಮೇಲೆ ಓದು’ಗಳು ಗುಂಪಿಗೆ ಬರುವುದಿಲ್ಲ. ಈ ಎರಡೂ ಆಯ್ಕೆಗಳು ಆಯಾ ಕಂಪ್ಯೂಟರಿನವು, ಗುಂಪಿನವಲ್ಲ. ಮೇಲಿನವರು ಒಬ್ಬರು ಒತ್ತಿದರೆ ಎಲ್ಲರಿಗೂ ಆಗುವುದಿಲ್ಲ. ಹೊಸಬರು ಸೇರಿದ ದಿನವೇ ಪಕ್ಕದಲ್ಲಿ ಕೂತು ಮಾಡಿಸಬೇಕಾದ ಕೆಲಸ ಇದು. ಈಗಾಗಲೇ ತುಂಬಿದ ಕಸಕ್ಕೆ ಟ್ಯಾಗ್ ಪಟ್ಟಿಯ ಕೆಳಗಿನ ಮೆನುವಿನಲ್ಲಿ Delete Automatic Tags in This Library… ಎಂಬ ಆಯ್ಕೆ ಇದೆ. ಕೈಯಾರೆ ಹಾಕಿದ ಟ್ಯಾಗ್‌ಗಳನ್ನು ಅದು ಮುಟ್ಟುವುದಿಲ್ಲ. ಆದರೂ ಒತ್ತುವ ಮುನ್ನ ಗುಂಪಿನ ಮೇಲೆ ಬಲಗುಂಡಿ ಒತ್ತಿ Export Library… ಮೂಲಕ ಒಂದು ಪ್ರತಿ ತೆಗೆದಿಟ್ಟು, ಎಲ್ಲರಿಗೂ ತಿಳಿಸಿ ಮುಂದುವರಿಯಬೇಕು.

ಉಳಿಯುವುದು ನಾವೇ ಹಾಕಿದವು. ಜೊಟೆರೊಗೆ `Western Ghats`, `Western ghats`, `western ghats` ಮೂರೂ ಬೇರೆ. ಬೇರೆ ಕಾಗುಣಿತ ಕಂಡಾಗ Rename Tag… ಕೊಟ್ಟು, ಈಗಾಗಲೇ ಇರುವ ಸರಿಯಾದ ಹೆಸರನ್ನೇ ಟೈಪ್ ಮಾಡಿದರೆ ಎರಡೂ ಒಂದಾಗುತ್ತವೆ. ಫೀಲ್ಡ್‌ನಿಂದ ಮರಳದೆ ಇರುವವರ ಯಂತ್ರದಲ್ಲಿ ಹಳೆಯ ರೂಪ ಹೊಸ ನಮೂದುಗಳಿಗೆ ಅಂಟಿದ್ದರೆ, ಅವರು ಸಿಂಕ್ ಮಾಡಿದಾಗ ಅದು ತಿರುಗಿ ಬರುತ್ತದೆ. ಎಲ್ಲರೂ ಊರಲ್ಲಿರುವ ವಾರದಲ್ಲಿ ಈ ಕೆಲಸ ಇಟ್ಟುಕೊಳ್ಳುವುದು ಅದಕ್ಕೇ.

ಯಾವ ಟ್ಯಾಗ್ ಇರಬೇಕು ಎಂಬುದಕ್ಕೆ ನಾನು ನೆಚ್ಚುವ ಅಳತೆ ಒಂದೇ. ಹುಡುಕಿದರೆ ಸಿಗುವುದಕ್ಕೆ ಟ್ಯಾಗ್ ಬೇಡ. ಶೀರ್ಷಿಕೆಯಲ್ಲೋ ಸಾರಾಂಶದಲ್ಲೋ ಕಪ್ಪೆ ಎಂದಿದ್ದರೆ ಹುಡುಕಾಟವೇ ಅದನ್ನು ತಂದುಕೊಡುತ್ತದೆ. ಪಿಡಿಎಫ್‌ನ ಒಳಗಿನ ಪಠ್ಯವನ್ನೂ ಅದು ನೋಡುತ್ತದೆ. ಲೇಖನದ ಅಕ್ಷರಗಳಲ್ಲಿ ಇಲ್ಲದ, ಓದಿದವರಿಗೆ ಮಾತ್ರ ಗೊತ್ತಾಗುವ ಸಂಗತಿಗೆ ಟ್ಯಾಗ್ ಬೇಕು. ಇದು ನಮ್ಮ ಮೂರನೇ ಪ್ಲಾಟ್ ಇರುವ ಹೊಳೆಯಲ್ಲೇ ನಡೆದ ಅಧ್ಯಯನ, ಇದರ ದತ್ತಾಂಶ ನಮ್ಮ ಬಳಿ ಇದೆ, ಇದರ ಮಾದರಿ ವಿಧಾನವನ್ನೇ ನಾವು ಬಳಸುತ್ತೇವೆ, ಈ ತರಹದವು. ಅವಕ್ಕೆ ಮುಂಪದ ಇಟ್ಟರೆ ಪಟ್ಟಿಯಲ್ಲಿ ಒಟ್ಟಾಗಿ ಕೂರುತ್ತವೆ:

```
site:kudremukh
method:mark-recapture
data:in-lab
```

ಈ ಪಟ್ಟಿ ಗುಂಪಿನ ಲೈಬ್ರರಿಯಲ್ಲೇ, ಯಾವ ನಮೂದಿಗೂ ಸೇರದ ಒಂದು ಟಿಪ್ಪಣಿಯಾಗಿ ಇರಲಿ. ಹೆಸರಿನ ಮೊದಲು ಸೊನ್ನೆ ಹಾಕಿದರೆ ಶೀರ್ಷಿಕೆಯ ಕ್ರಮದಲ್ಲಿ ಜೋಡಿಸಿದಾಗ ಮೇಲ್ಭಾಗದಲ್ಲೇ ಕಾಣುತ್ತದೆ. ಹೊಸ ಟ್ಯಾಗ್ ಬೇಕಾದವರು ಮೊದಲು ಅಲ್ಲಿ ಬರೆದು, ಲ್ಯಾಬ್ ಮೀಟಿಂಗಿನಲ್ಲಿ ಒಂದು ಮಾತು ಹೇಳಿ, ಆಮೇಲೆ ಬಳಸಬಹುದು. ಬಣ್ಣದ ಟ್ಯಾಗ್‌ಗಳು ಒಂದು ಲೈಬ್ರರಿಗೆ ಒಂಬತ್ತೇ. ಗುಂಪಿನಲ್ಲಿ ಒಬ್ಬರು ಕೊಟ್ಟ ಬಣ್ಣ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಅವನ್ನೂ ಒಪ್ಪಂದದ ಮೇಲೆಯೇ ಕೊಡಬೇಕು. ನಮೂದು ಆಯ್ಕೆಯಾಗಿದ್ದಾಗ ಕೀಲಿಮಣೆಯ 1ರಿಂದ 9ರವರೆಗಿನ ಅಂಕಿ ತಪ್ಪಿ ಒತ್ತಿದರೂ ಆ ಟ್ಯಾಗ್ ಅಂಟಿಬಿಡುತ್ತದೆ ಎಂಬುದು ನೆನಪಿರಲಿ.

‘ಓದಬೇಕು’, ‘ಓದಿದೆ’, ‘ಮುಖ್ಯ’ ಎಂಬ ಟ್ಯಾಗ್‌ಗಳಿಗೆ ಗುಂಪಿನಲ್ಲಿ ಜಾಗವಿಲ್ಲ. ಯಾರು ಓದಬೇಕು, ಯಾರಿಗೆ ಮುಖ್ಯ? ಅಂಥವನ್ನು ಇಟ್ಟುಕೊಳ್ಳಲು ತಮ್ಮ ಹೆಸರಿನ ಒಂದು ಕಲೆಕ್ಷನ್ ಮಾಡಿಕೊಳ್ಳುವುದು ಮೇಲು. ಕಲೆಕ್ಷನ್‌ಗೆ ಹಾಕಿದರೆ ನಮೂದು ನಕಲಾಗುವುದಿಲ್ಲ. ಒಂದೇ ನಮೂದು ಹತ್ತು ಕಲೆಕ್ಷನ್‌ಗಳಲ್ಲಿ ಕಾಣಿಸಿಕೊಳ್ಳಬಹುದು, ಅದರ ವಿವರಗಳಿಗೆ ಏನೂ ಆಗುವುದಿಲ್ಲ. ಮುಗಿದ ಮೇಲೆ ಕಲೆಕ್ಷನ್ ಅಳಿಸಿದರಾಯಿತು, ಯಾರ ಟ್ಯಾಗ್ ಪಟ್ಟಿಯೂ ಹೊಲಸಾಗಿರುವುದಿಲ್ಲ.

ಅಳಿಸುವಾಗ ಮಾತ್ರ ಮೆನುವನ್ನು ನಿಧಾನವಾಗಿ ಓದಬೇಕು. Delete Collection ಎಂದರೆ ಆ ಗುಂಪುಗಾರಿಕೆ ಮಾತ್ರ ಹೋಗುತ್ತದೆ, ನಮೂದುಗಳು ಉಳಿಯುತ್ತವೆ. ಪಕ್ಕದಲ್ಲೇ ಇರುವ Delete Collection and Items ಒತ್ತಿದರೆ ಅದರೊಳಗಿನ ನಮೂದುಗಳೂ ಎಲ್ಲರ ಲೈಬ್ರರಿಯಿಂದ ಕಸದಬುಟ್ಟಿಗೆ ಹೋಗುತ್ತವೆ. ಪಿಎಚ್.ಡಿ. ಮುಗಿಸಿ ಹೊರಡುವವರು ತಮ್ಮ ಜಾಗ ಶುಚಿ ಮಾಡಿ ಹೋಗೋಣ ಎಂಬ ಸಜ್ಜನಿಕೆಯಿಂದಲೇ ಇದನ್ನು ಒತ್ತಿಬಿಡಬಹುದು. ಅವರ ಜೊತೆ ಮೈಯರ್ಸ್ ಕೂಡ ಹೋಗುತ್ತದೆ. ಗುಂಪಿಗೆ ಅದರದೇ ಕಸದಬುಟ್ಟಿ ಇದೆ, ಅದನ್ನು ಖಾಲಿ ಮಾಡುವ ಮೊದಲು ನೋಡಿಕೊಂಡರೆ ನಮೂದುಗಳನ್ನು ತಿರುಗಿ ತರಬಹುದು.

ಗುಂಪಿನ ಒಡೆತನ ಯಾರ ಖಾತೆಯಲ್ಲಿದೆ ಎಂಬುದನ್ನೂ ಇದೇ ಹೊತ್ತಿಗೆ ನೋಡಬೇಕು. ಗುಂಪಿನಲ್ಲಿಟ್ಟ ಪಿಡಿಎಫ್‌ಗಳ ಜಾಗ ಲೆಕ್ಕವಾಗುವುದು ಒಡೆಯರ ಖಾತೆಗೆ. ಉಚಿತವಾಗಿ ಸಿಗುವುದು 300 ಎಂಬಿ, ಅದರಾಚೆಗೆ ವರ್ಷಕ್ಕಿಷ್ಟು ಎಂದು ಹಣ ಕಟ್ಟಬೇಕು. ಉತ್ಸಾಹದಿಂದ ಗುಂಪು ಶುರುಮಾಡಿದ ವಿದ್ಯಾರ್ಥಿನಿಯೇ ಒಡತಿಯಾಗಿದ್ದರೆ, ಅವಳು ಬೇರೆ ಕೆಲಸಕ್ಕೆ ಹೋದ ಮೇಲೆ ಹಣ ಕಟ್ಟುವುದನ್ನು ನಿಲ್ಲಿಸಿದ ದಿನ ಲ್ಯಾಬಿನ ಹೊಸ ಪಿಡಿಎಫ್‌ಗಳು ಸಿಂಕ್ ಆಗುವುದಿಲ್ಲ. ಅವಳು ಇರುವಾಗಲೇ ಗುಂಪಿನ ಸೆಟ್ಟಿಂಗ್ಸ್‌ಗೆ ಹೋಗಿ ಒಡೆತನವನ್ನು ಗೈಡ್ ಖಾತೆಗೆ ವರ್ಗಾಯಿಸಿ, ತಾನು ಸಾಮಾನ್ಯ ಸದಸ್ಯೆಯಾಗಿ ಉಳಿಯಬಹುದು. ಅವಳ ಹೆಸರಿನಲ್ಲಿ ಸೇರಿದ ನಮೂದುಗಳೂ ಬಣ್ಣ ಹಚ್ಚಿದ ಸಾಲುಗಳೂ ಹಾಗೆಯೇ ಇರುತ್ತವೆ, ಇನ್ನೂ ಮುಗಿಯದ ಜಂಟಿ ಲೇಖನಕ್ಕೆ ಅವಳು ಹೊಸ ಊರಿನಿಂದಲೇ ಉಲ್ಲೇಖ ಹಾಕುತ್ತಾ ಹೋಗಬಹುದು.